‘ಪರಿಗಣಿಸಬಹುದು’ ಅಂದರೆ ಅಂಕ ಕೊಡಲೇಬೇಕಾ?

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಯ ಇತಿಹಾಸ ಪತ್ರಿಕೆಗೆ ಅಂಕ ಹಂಚುವ ಸ್ಕೀಮ್ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಪ್ರಶ್ನೆ ಇದು: ‘ಕರ್ನಾಟಕದ ಏಕೀಕರಣಕ್ಕೆ ಹಳೇ ಮೈಸೂರಿನಲ್ಲಿ ಬಂದ ವಿರೋಧವನ್ನು ಚರ್ಚಿಸಿ (10 ಅಂಕ).’ ಮಾದರಿ ಉತ್ತರದ ಕೆಳಗೆ ಐದು ಅಂಶ ಬರೆದು ತಲಾ 2 ಅಂಕ ಹಾಕಿದೆ. ಕೊನೆಗೆ ರೂಢಿಯಂತೆ ‘ಸಂಬಂಧಪಟ್ಟ ಇತರ ಅಂಶಗಳನ್ನೂ ಪರಿಗಣಿಸಬಹುದು’ ಅಂತ ಸೇರಿಸಿದೆ.

ಮೌಲ್ಯಮಾಪನಕ್ಕೆ ಮುಂಚೆ ಒಂದೇ ಉತ್ತರದ ಜೆರಾಕ್ಸನ್ನು ಇಬ್ಬರು ಸಹ ಮೌಲ್ಯಮಾಪಕರಿಗೆ ಕೊಟ್ಟು ನೋಡಿದೆವು. ಒಬ್ಬರು 8 ಹಾಕಿದರು, ಇನ್ನೊಬ್ಬರು 4! ಹುಡುಗಿ ಬರೆದ ಎರಡು ಅಂಶ ನನ್ನ ಪಟ್ಟಿಯಲ್ಲೇ ಇದ್ದವು: ಮೈಸೂರಿನ ಆದಾಯ ಬೇರೆ ಭಾಗಗಳಿಗೆ ಹೋಗುತ್ತದೆಂಬ ಅಳುಕು, ರಾಜಕೀಯದಲ್ಲಿ ಒಕ್ಕಲಿಗರ ಹಿಡಿತ ಸಡಿಲವಾಗುತ್ತದೆಂಬ ಭಯ. ಆಮೇಲೆ ಅವಳು ಕೆಂಗಲ್ ಹನುಮಂತಯ್ಯನವರು ಅದೇ ಸೀಮೆಯವರಾಗಿಯೂ ಏಕೀಕರಣದ ಪರ ನಿಂತದ್ದನ್ನು ಹಿಡಿದು, ‘ವಿರೋಧ ಇಡೀ ಪ್ರದೇಶದ್ದಲ್ಲ’ ಅಂತ ವಾದಿಸಿದ್ದಳು. ಇದು ಪಟ್ಟಿಯಲ್ಲಿರಲಿಲ್ಲ. ಈ ಅಂಶಕ್ಕೆ ಸೊನ್ನೆ ಕೊಟ್ಟು ಒಟ್ಟು 4 ಹಾಕಿದವರನ್ನು ಕೇಳಿದರೆ, “ಪರಿಗಣಿಸಬಹುದು ಅಂತ ತಾನೆ ಬರೆದಿದ್ದೀರಿ? ಪರಿಗಣಿಸಿದೆ. ಬೇಡ ಅನ್ನಿಸ್ತು” ಅಂದರು.

ಇಲ್ಲಿ ‘ಬಹುದು’ ಅನುಮತಿಯಾ, ಆದೇಶವಾ? ಯಾವ ಪದ ಹಾಕಬೇಕಿತ್ತು?

ಮೈಸೂರಿನ ಉಪನ್ಯಾಸಕರು: ‘ಬಹುದು’ ಯಾವಾಗಲೂ ಅನುಮತಿಯೇ ಮೇಡಂ. ಕೊಟ್ಟರೂ ಸರಿ, ಬಿಟ್ಟರೂ ಸರಿ. ‘ಪರಿಗಣಿಸತಕ್ಕದ್ದು’ ಹಾಕಿ, ಮುಗೀತು.

ಒಬ್ಬ ಪೋಷಕರು: ನನ್ನ ಮಗನಿಗೂ ಹೀಗೇ ಅಂಕ ಹೋಯ್ತು. ಈ ಮಾದರಿ ಉತ್ತರ ಎಲ್ಲಿ ಸಿಗುತ್ತೆ? ಬಾಯಿಪಾಠ ಮಾಡಿಸಿದರೆ 10ಕ್ಕೆ 10 ಬರುತ್ತಲ್ವಾ?

ಧಾರವಾಡದ ನಿವೃತ್ತ ಮೇಷ್ಟ್ರು: ‘ಮಳೆ ಬರಬಹುದು’ ಅನ್ನುವಾಗ ಮಳೆಗೆ ಯಾರು ಅನುಮತಿ ಕೊಟ್ಟಾರು ಸರ? ಇರಲಿ, ಇಲ್ಲಿ ಅನುಮತಿಯೇ. ಆದರೆ ‘ತಕ್ಕದ್ದು’ ಹಾಕಿದರೂ ರೋಗ ಹೋಗುವುದಿಲ್ಲ, ಯಾಕಂದರೆ ತಪ್ಪು ‘ಪರಿಗಣಿಸು’ವಿನಲ್ಲಿದೆ. ಅದು ಗಮನಕ್ಕೆ ತಗೊಳ್ಳಿ ಅನ್ನುತ್ತದೆ, ಅಂಕ ಕೊಡಿ ಅನ್ನುವುದಿಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಪಟ್ಟಿಯಲ್ಲಿ ಇಲ್ಲದ ಅಂಶಕ್ಕೆ, ಆಧಾರ ಕೊಟ್ಟಿದ್ದರೆ 2 ಅಂಕ ಕೊಡಿ, ಸುಮ್ನೆ ಹೆಸರಿಸಿದ್ದರೆ 1.’

ಇನ್ನೊಂದು ಮಾತು ಮೇಡಂ. ನೀವು ಕೇಳಿದ್ದು ‘ಚರ್ಚಿಸಿ’, ಸ್ಕೀಮ್ ಬರೆದದ್ದು ‘ಪಟ್ಟಿ ಮಾಡಿ’ಗೆ. ವಾದವೇ ಇಲ್ಲದೆ ಐದು ಅಂಶ ಸುರಿದವನು 10 ಹೊಡೆಯುತ್ತಾನೆ. ನಾನು ಅಂಶಗಳಿಗೆ 6, ಎರಡೂ ಕಡೆ ತೂಗಿ ನೋಡಿದ್ದಕ್ಕೆ 3, ತೀರ್ಮಾನಕ್ಕೆ 1 ಇಡುತ್ತಿದ್ದೆ. ಆ ಹುಡುಗಿಗೆ 4, 3, 1 ಸೇರಿ 8 ಬರುತ್ತಿತ್ತು.

ನಾನು: ‘ತೂಗಿ ನೋಡಿದ್ದಕ್ಕೆ’ ಅಂದರೆ ಎಲ್ಲರಿಗೂ ಒಂದೇ ಅರ್ಥ ಹೊಳೆಯುತ್ತಾ ಸರ್? ‘ವಿಶ್ಲೇಷಣೆಗೆ’ ಅಂತ ಹಾಕಲಾ?

ಧಾರವಾಡದ ಮೇಷ್ಟ್ರು: ಬೇಡ್ರಿ. ‘ವಿಶ್ಲೇಷಣೆ’ ಅಂದರೆ ಉದ್ದ ಬರೆದವರಿಗೆಲ್ಲ ಅಂಕ ಬೀಳ್ತದೆ. 3 ಸಿಗುವ ಎರಡು ಸಾಲು, 1 ಸಿಗುವ ಎರಡು ಸಾಲು ಮಾದರಿಗೆ ಅಲ್ಲೇ ಬರೆದುಬಿಡ್ರಿ.

ಮೈಸೂರಿನ ಉಪನ್ಯಾಸಕರು: ಆ ಎರಡು ಸಾಲನ್ನೂ ಜನ ಪಟ್ಟಿಯಂತೆಯೇ ಓದುತ್ತಾರೆ, ನೋಡ್ತಿರಿ.