ಸಹಾಯ ಬೇಕು: 60% ಬ್ಲಾಕ್ ಲೆಕ್ಕಕ್ಕೆ ಬರುತ್ತಾ, ಇಲ್ವಾ?

ನಮಸ್ಕಾರ, ಗದಗದಿಂದ ಬರೆಯುತ್ತಿದ್ದೇನೆ. ಅಪ್ಪನಿಗೆ 63 ವರ್ಷ, ಶುಗರ್ ಇದೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ಕೂತರೆ ಕಡಿಮೆ. ಹೋದ ವಾರ ಹುಬ್ಬಳ್ಳಿಯಲ್ಲಿ ಆಂಜಿಯೋಗ್ರಾಮ್ ಮಾಡಿಸಿದೆವು. ಹೃದಯದ ಮೂರು ಮುಖ್ಯ ರಕ್ತನಾಳಗಳಲ್ಲೂ ಬ್ಲಾಕ್: ಆರ್‌ಸಿಎ 90%, ಸರ್ಕಮ್‌ಫ್ಲೆಕ್ಸ್ 80%, ಎಲ್‌ಎಡಿ ಶುರುವಿನಲ್ಲೇ 60%. ಎಲ್‌ಎಡಿ, ಸರ್ಕಮ್‌ಫ್ಲೆಕ್ಸ್ ಎರಡೂ ಕವಲೊಡೆಯುವ ಲೆಫ್ಟ್ ಮೇನ್‌ನಲ್ಲಿ ಏನೂ ಇಲ್ಲ. ಹಾರ್ಟ್ ಪಂಪಿಂಗ್ ಚೆನ್ನಾಗಿದೆ.

ಅಲ್ಲಿನ ಡಾಕ್ಟರು, "ಎರಡು ಸ್ಟೆಂಟ್ ಸಾಕು, 60ಕ್ಕೆ ಮಾತ್ರೆ" ಅಂದರು. ಸಿಡಿ ಹಿಡಿದುಕೊಂಡು ಧಾರವಾಡದಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರು ರಿಪೋರ್ಟಿನ ಹಿಂದೆ ಪೆನ್ನಿನಿಂದ ಮೂರು ಗೆರೆ ಎಳೆದು, ಎಲ್‌ಎಡಿ ಮೇಲೆ ಗುಂಡು ಸುತ್ತಿ, "ಹೃದಯದ ಮುಂಭಾಗಕ್ಕೆಲ್ಲ ರಕ್ತ ಇದರಿಂದಲೇ. ಇದೂ ಗಟ್ಟಿ ಬ್ಲಾಕ್ ಆದರೆ ಮೂರೂ ನಾಳ ಕೆಟ್ಟ ಹಾಗೆ. ಶುಗರ್ ಇರುವವರಿಗೆ ಆಗ ಬೈಪಾಸ್ ಒಳ್ಳೆಯದು" ಅಂದರು. ನಾನು ಸುಮ್ನೆ 90 ನೋಡಿಯೇ ಹೆದರಿದ್ದೆ, ತಕರಾರು 60ರದ್ದು!

70ರ ಮೇಲಿದ್ದರೆ ಸಾಮಾನ್ಯವಾಗಿ ದೊಡ್ಡ ಬ್ಲಾಕ್ ಅಂತಾರಂತೆ. 50ರಿಂದ 70ರ ನಡುವಿನದ್ದು ಕಣ್ಣಂದಾಜು, ನಂಬಲಾಗದು. ಅದಕ್ಕೆ ಎಫ್‌ಎಫ್‌ಆರ್ ಅಂತ ಇದೆ: ತೆಳು ತಂತಿ ಬ್ಲಾಕ್ ದಾಟಿಸಿ ಆಚೆ ಈಚೆ ಒತ್ತಡ ಅಳೆಯುತ್ತಾರೆ. ಆಚೆಯ ಒತ್ತಡವನ್ನು ಈಚೆಯದರಿಂದ ಭಾಗಿಸಿದಾಗ 0.80 ಅಥವಾ ಕಡಿಮೆ ಬಂದರೆ ಆ ಬ್ಲಾಕ್ ರಕ್ತ ತಡೆಯುತ್ತಿದೆ ಅಂತ. ಆಂಜಿಯೋಗ್ರಾಮ್ ದಿನ ಇದನ್ನು ಮಾಡಿಲ್ಲ. ಕೇಳಿದರೆ ಮೊದಲ ಡಾಕ್ಟರು "ಬೇಕಿಲ್ಲ" ಅಂದರು. ಮಾಡಿಸಬೇಕೆಂದರೆ ಮತ್ತೆ ಕೈಯಿಂದ ತಂತಿ ಹಾಕಬೇಕು. ಅಪ್ಪ ಒಲ್ಲೆ ಅನ್ನುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ: ಶುಗರ್ ಜೊತೆ ಇಂಥದ್ದೇ ರಿಪೋರ್ಟ್ ಬಂದವರು, ಸ್ಟೆಂಟ್ ಹಾಕಿಸುವ ಮೊದಲು ಎಲ್‌ಎಡಿಗೆ ಎಫ್‌ಎಫ್‌ಆರ್ ಮಾಡಿಸಿದಿರಾ? ಅದರಿಂದ ತೀರ್ಮಾನ ಬದಲಾಯಿತಾ?