ಪದಚರ್ಚೆ: ನಡುವೆ ಬಿಟ್ಟು ಆರಿಸಿದ ಏರುಸಾಲಿಗೆ ಏನನ್ನೋಣ? (ನಾಳೆ ಪ್ರಿಂಟಿಗೆ)

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಿಂದ ಬಂದ ಹುಡುಗರಿಗೆ ಪ್ರೋಗ್ರಾಮಿಂಗ್ ನೋಟ್ಸ್ ಮಾಡುತ್ತಿದ್ದೇನೆ. ನಾಳೆ ಬೆಳಿಗ್ಗೆ ಜೆರಾಕ್ಸ್ ಅಂಗಡಿಗೆ ಕೊಡಬೇಕು. ‘ಮ್ಯಾಕ್ಸಿಮಮ್ ಸಮ್ ಇನ್‌ಕ್ರೀಸಿಂಗ್ ಸಬ್‌ಸೀಕ್ವೆನ್ಸ್’ ಪಾಠಕ್ಕೆ ‘ಗರಿಷ್ಠ ಮೊತ್ತದ ಏರಿಕೆ ಉಪಸರಣಿ’ ಅಂತ ಹಾಕಿದ್ದೆ. ಬೇಕಾದಲ್ಲಿ ನಡುವಿನವನ್ನು ಬಿಟ್ಟು, ಏರುತ್ತಾ ಹೋಗುವ ಸಂಖ್ಯೆಗಳನ್ನು ಆರಿಸಿ, ಅವುಗಳ ಮೊತ್ತ ಅತಿ ಹೆಚ್ಚಾಗುವಂತೆ ಮಾಡುವ ಲೆಕ್ಕ ಅದು. ಹುಡುಗನೊಬ್ಬ ಅದನ್ನು ಓದಿ ಅಕ್ಕಪಕ್ಕ ಇದ್ದ ಸಂಖ್ಯೆಗಳನ್ನೇ ತೆಗೆದುಕೊಂಡ. ತಪ್ಪು ಅವನದಲ್ಲ, ಪದದ್ದು.

ನಮ್ಮ ಉದಾಹರಣೆ 3, 20, 4, 5, 6. ಇದರಲ್ಲಿ 3, 4, 5, 6 ಉದ್ದ, ಆದರೆ ಮೊತ್ತ 18. 3, 20 ಗಿಡ್ಡ, ಮೊತ್ತ 23. ನಮಗೆ ಬೇಕಾದದ್ದು ಇದು. ಮೊತ್ತ ಸಿಕ್ಕ ಮೇಲೆ ಅದರಲ್ಲಿ ಯಾವ್ಯಾವ ಸಂಖ್ಯೆ ಸೇರಿದ್ದವು ಅಂತ ಹಿಂದಕ್ಕೆ ಹುಡುಕುತ್ತೇವಲ್ಲ, ಅದಕ್ಕೂ ಒಂದು ಪದ ಕೊಡಿ.
— ಸು., ಹಾಸನ

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ ಮೇಡಂ? ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಎಲ್ಲ ಕೂಡಿ. 38 ಬರುತ್ತೆ. ನಮ್ಮ ತೋಟದಲ್ಲಿ ಸಿಲ್ವರ್ ಮರ ಮಾರುವಾಗ ಸಾಲಿನಲ್ಲಿ ಬಲಿತದ್ದಕ್ಕೆ ಮಾತ್ರ ಬಣ್ಣ ಬಳಿದು, ಉಳಿದದ್ದನ್ನು ಬಿಟ್ಟು ಮುಂದೆ ಹೋಗ್ತೀವಿ. ‘ಆಯ್ದು ಕಡಿಯೋದು’ ಅಂತೀವಿ, ಅಷ್ಟೇ.
— ಗೌ., ಮೂಡಿಗೆರೆ

ಗೌಡ್ರೇ, ಜೋಡಿಸುವ ಹಾಗಿಲ್ಲ. ನಿಮ್ಮ ಮರಗಳನ್ನು ಕಿತ್ತು ಎತ್ತರದ ಪ್ರಕಾರ ಮತ್ತೆ ನೆಟ್ಟ ಹಾಗಾಯಿತು. ಇದ್ದ ಜಾಗದಲ್ಲೇ ಇರಬೇಕು, ಎಡದಿಂದ ಬಲಕ್ಕೆ ನಡೆಯುತ್ತಾ ಆರಿಸಬೇಕು.

ಪದಕ್ಕೆ ಬರೋಣ. ‘ಉಪ’ ಬೇಡ, ‘ಸರಣಿ’ಯೂ ಬೇಡ. ‘ಎಡೆಬಿಟ್ಟ ಏರುಸಾಲು’ ಅನ್ನಿ. ‘ಎಡೆಬಿಡದೆ’ ಎಲ್ಲರಿಗೂ ಗೊತ್ತು, ಅದನ್ನೇ ತಿರುಗಿಸಿದೆ. ‘ಗರಿಷ್ಠ’ಕ್ಕೂ ಮಹಾಪ್ರಾಣದ ಬಾಲ ಯಾಕೆ? ‘ಅತಿಹೆಚ್ಚು’ ಸಾಕು.

ಹಿಂದಕ್ಕೆ ಹುಡುಕಲು ಬೇರೆ ಪಟ್ಟಿಯೇ ಬೇಡ. ಪ್ರತಿ ಸಂಖ್ಯೆಯಲ್ಲಿ ಮುಗಿಯುವ ಅತಿಹೆಚ್ಚು ಮೊತ್ತ ಹೇಗೂ ಬರೆದಿರುತ್ತೀರಿ: 3, 23, 7, 12, 18. 23ರಲ್ಲಿ 20 ಕಳೆದರೆ 3 ಉಳಿಯಿತು. 3 ಮೊತ್ತ ಎಲ್ಲಿದೆಯೋ ಅಲ್ಲಿಗೆ ಹೋಗಿ. ಕಳೆಯುತ್ತಾ ಹೋದರೆ ಮುಗಿಯಿತು.
— ಶಾ., ಅರಸೀಕೆರೆ

ಶಾ. ಅವರೇ, ‘ಅತಿ’ ಯಾವೂರಿನದು? ಸಂಸ್ಕೃತವನ್ನು ಮುಂಬಾಗಿಲಿಂದ ಓಡಿಸಿ ಹಿತ್ತಲಿಂದ ಕರೆದಿರಿ.

ನಿಮ್ಮ ಕಳೆಯುವ ದಾರಿ ಅರ್ಧ ಸರಿ. 7, 3, 4, 5 ತಗೊಳ್ಳಿ. ಮೊತ್ತಗಳು 7, 3, 7, 12. ಕೊನೆಯ 12ರಲ್ಲಿ 5 ಕಳೆದರೆ 7. ಆದರೆ 7 ಎರಡು ಕಡೆ ಇದೆ. ಎಡದಿಂದ ಹುಡುಕಿದವನಿಗೆ ಮೊದಲ 7 ಸಿಗುತ್ತದೆ, ಉತ್ತರ ‘7, 5’ ಅಂತ ಬರುತ್ತದೆ. ಕೂಡಿದರೆ 12 ಸರಿಯಾಗೇ ಬರುವುದರಿಂದ ತಪ್ಪು ಗೊತ್ತೇ ಆಗುವುದಿಲ್ಲ. ಏರುಸಾಲು ಇಳಿದುಬಿಟ್ಟಿದೆ, ಅಷ್ಟೇ! ಮೊತ್ತ ಹೊಂದಬೇಕು, ಜೊತೆಗೆ ಆ ಜಾಗದ ಸಂಖ್ಯೆಯೂ ಚಿಕ್ಕದಿರಬೇಕು.

ಅದಕ್ಕಿಂತ, ಮೊತ್ತ ಬರೆಯುವಾಗಲೇ ‘ಇದು ಯಾರ ಮೇಲೆ ನಿಂತಿದೆ’ ಅಂತ ಪಕ್ಕದಲ್ಲಿ ಗುರುತು ಹಾಕಿಟ್ಟರೆ ತಂಟೆ ಇಲ್ಲ. ಯಾರ ಮೇಲೂ ನಿಂತಿಲ್ಲದಿದ್ದರೆ -1. ಕೆಳಗೆ `a` ಅಂದರೆ ಸಂಖ್ಯೆಗಳು, `s` ಅಂದರೆ ಮೊತ್ತಗಳು, `prev` ಅಂದರೆ ಗುರುತು ಹಾಕಿಟ್ಟ ಜಾಗಗಳು.

```
i = s.index(max(s))
out = []
while i != -1:
    out.append(a[i])
    i = prev[i]
out.reverse()
```

ಮೇಡಂ, ಹುಡುಗರು ಎಡವುವುದು ಮೊದಲ ಸಾಲಿನಲ್ಲೇ. ಅಭ್ಯಾಸಬಲದಿಂದ ಕೊನೆಯ ಜಾಗದಿಂದ ಹೊರಡುತ್ತಾರೆ. ನಿಮ್ಮ ಉದಾಹರಣೆಯಲ್ಲಿ ಹಾಗೆ ಮಾಡಿದರೆ 6, 5, 4, 3 ಸಿಕ್ಕಿ 18ಕ್ಕೆ ನಿಲ್ಲುತ್ತದೆ. ಅತಿ ದೊಡ್ಡ ಮೊತ್ತ ಎಲ್ಲಿದೆಯೋ ಅಲ್ಲಿಂದ ಹೊರಡಬೇಕು, ಇಲ್ಲಿ ಎರಡನೇ ಜಾಗ. ಕೊನೆಯ `reverse` ಮರೆತರೆ 20, 3 ಅಂತ ತಲೆಕೆಳಗಾಗಿ ಬರುತ್ತದೆ. ಈ ಕೆಲಸಕ್ಕೆ ‘ಜಾಡು ಹಿಡಿಯುವುದು’ ಅನ್ನಿ. ನಮ್ಮ ಕಡೆ ಆನೆ ಹೋದ ದಾರಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಾಲಿಗೆ ಗೌಡರ ಮಾತೇ ಚೆನ್ನಾಗಿದೆ: ‘ಆಯ್ದ ಏರುಸಾಲು’.
— ರಾ., ಚಿಕ್ಕಮಗಳೂರು

‘ಆಯ್ದ’ ಒಪ್ಪಲ್ಲ. 3, 5 ಕೂಡ ಆಯ್ದದ್ದೇ, 4, 6 ಕೂಡ ಆಯ್ದದ್ದೇ. ಆಮೇಲೆ ಮೊತ್ತಕ್ಕೆ ಗೆದ್ದದ್ದನ್ನು ಏನಂತೀರಿ, ಆಯ್ದದ್ದರಲ್ಲಿ ಆಯ್ದದ್ದು ಅಂತಲೇ? ಇನ್ನು ‘ಅತಿ’ ನಮ್ಮ ಅಜ್ಜಿ ಬಾಯಲ್ಲೂ ಇತ್ತು. ಬಾಯಲ್ಲಿ ಪಳಗಿದ್ದು ಕನ್ನಡ.
— ಶಾ.

ಹಾಗಾದರೆ ‘ಸಬ್‌ಸೀಕ್ವೆನ್ಸ್’ ನಮ್ಮ ಹುಡುಗರ ಬಾಯಲ್ಲಿ ಪಳಗಿದೆ, ಅದನ್ನೇ ಇಡೋಣವೇ? ಶಾಲೆಯಲ್ಲಿ ‘ಶ್ರೇಢಿ’ ಕಲಿತೇ ಬಂದಿದ್ದಾರೆ, ಭಾಸ್ಕರಾಚಾರ್ಯನ ಲೀಲಾವತಿಯಲ್ಲೇ ಇರುವ ಪದ. ಅದಕ್ಕೂ ಬಾಲ ಕತ್ತರಿಸುತ್ತೀರಾ?
— ರಾ.

ಸರ್, ದಯವಿಟ್ಟು. ಅಂಗಡಿ ಎಂಟಕ್ಕೆ ತೆಗೀತಾರೆ. ತಲೆಬರಹ ‘ಹೆಚ್ಚು ಮೊತ್ತದ ಬಿಡಿ ಏರುಸಾಲು’ ಅಂತ ಮಾಡಿದೆ, ‘ಜಾಡು ಹಿಡಿಯುವುದು’ ಹಾಗೇ ಇಟ್ಟೆ. 7, 3, 4, 5 ಲೆಕ್ಕವನ್ನೂ ಹಾಕಿಕೊಂಡೆ. ಇನ್ನೊಂದು ಅನುಮಾನ: 4, 4 ಅಂತ ಎರಡು ಸಲ ಬಂದರೆ ಎರಡನ್ನೂ ಸೇರಿಸಬಹುದಾ?
— ಸು.

‘ಏರು’ ಅಂದಮೇಲೆ ಏರಲೇಬೇಕು. ಸೇರಿಸಬೇಡಿ. ಸೇರಿಸೋದಾದರೆ ‘ಇಳಿಯದ ಸಾಲು’ ಅಂತ ಹೆಸರು ಬದಲಿಸಿ.
— ರಾ.

‘ಬಿಡಿ’ ಅಂದರೆ ಬಿಡಿ ಹೂವು, ಬಿಡಿ ಕಾಳು. ಸಾಲಾಗಿ ಇರದೇ ಇರುವುದು. ಬಿಡಿ ‘ಸಾಲು’ ಹೇಗಾಗುತ್ತೆ?
— ಶಾ.

ನನ್ನ 38 ಯಾಕೆ ತಪ್ಪು ಅಂತ ಈಗ ಅರ್ಥ ಆಯ್ತು. ಮರಕ್ಕೆ ಬಣ್ಣ ಬಳಿಯೋಕೆ ಹೊರಟೆ.
— ಗೌ.