ಹಗಲು ಕೂಗುವ ಅಲರ್ಟ್ ರಾತ್ರಿ ಯಾಕೆ ಮಲಗುತ್ತದೆ?

ಚಂದ್ರಗಿರಿ_ಸೇತುವೆ: ತಲೆ ಕೆಟ್ಟುಹೋಗಿದೆ. ಕಾಸರಗೋಡಿನಲ್ಲಿ ಕೂತು ಒಂದು ಟಿಕೆಟ್ ಆ್ಯಪ್‌ನ ಸೋಶಿಯಲ್ ಮೀಡಿಯಾ ನೋಡಿಕೊಳ್ಳುತ್ತೇನೆ. ಶನಿವಾರ ರಾತ್ರಿ 11.30ರಿಂದ 12ರೊಳಗೆ "ದುಡ್ಡು ಹೋಯ್ತು, ಟಿಕೆಟ್ ಬರಲಿಲ್ಲ" ಅಂತ 41 ಬೈಗುಳ. ಬೈಗುಳ ಹೀಗೆ ಏರಿದರೆ ಅಲರ್ಟ್ ತಾನಾಗಿ ಕೂಗಬೇಕು, ಕೂಗಲಿಲ್ಲ. ಚೆಕ್‌ಲಿಸ್ಟ್ ತೆರೆಯಲಿಲ್ಲ, ಡ್ಯೂಟಿಯವರ ಫೋನಿಗೆ ಏನೂ ಹೋಗಲಿಲ್ಲ. ಸಾಲದ್ದಕ್ಕೆ ಮೊದಲೇ ಶೆಡ್ಯೂಲ್ ಮಾಡಿಟ್ಟ "ನೆಮ್ಮದಿಯ ಪ್ರಯಾಣ" ಪೋಸ್ಟ್ 12ಕ್ಕೆ ಸರಿಯಾಗಿ ಹೊರಬಿತ್ತು! ಅದರ ಕೆಳಗೆ ಏನೇನು ಬಂತು ಕೇಳಬೇಡಿ. ಹಗಲು ಎಲ್ಲಾ ಸರಿ ಇದೆ.

ಉಪ್ಪಳದವ: ಭಾಷೆಯದೇ ತೊಂದರೆ. ನಮ್ಮಲ್ಲಿ ಮಲಯಾಳವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ತುಳುವಿನಲ್ಲಿ "ಭಾರೀ ಲಾಯ್ಕ್ ಉಂಡು" ಅಂತ ಕುಟುಕುತ್ತಾರೆ. ಮೆಷಿನ್‌ಗೆ ಅದು ಹೊಗಳಿಕೆ.

ಚಂದ್ರಗಿರಿ_ಸೇತುವೆ: 41 ಅಂದದ್ದು ನೆಗೆಟಿವ್ ಅಂತ ಗುರುತಾದ ಮೇಲಿನ ಲೆಕ್ಕ ಮಾರಾಯ್ರೆ.

ಉಪ್ಪಳದವ: ಹಾಗಾದರೆ ನಿಜವಾದದ್ದು ಇನ್ನೂ ಜಾಸ್ತಿ. ನಾನು ಹೇಳಿದ್ದೂ ಅದನ್ನೇ.

ಅಡಿಕೆ_ತೋಟ: ನಮ್ಮ ಹೋಟೆಲಿನ ರಿವ್ಯೂಗಳಿಗೆ ನಾನು ಕೌಂಟರ್ ಮೇಲೆ ಕೆಂಪು ಬಲ್ಬ್ ಇಟ್ಟಿದ್ದೇನೆ. 10 ದಾಟಿದರೆ ಉರಿಯುತ್ತದೆ. ಫೋಟೋ ಹಾಕಲಾ?

ಕುಂಬಳೆ_ಸಂತೆ: ಬಲ್ಬ್ ಆಮೇಲೆ. ಲೆಕ್ಕದ ಕೋಡ್ ತೋರಿಸಿ.

ಚಂದ್ರಗಿರಿ_ಸೇತುವೆ: ಹಿಂದಿನ 8 ವಾರಗಳ ಅದೇ ದಿನದ, ಅದೇ ಅರ್ಧ ಗಂಟೆಯ ಜೊತೆ ಹೋಲಿಸುತ್ತೇನೆ. z 3.5 ದಾಟಿದರೆ ಅಲರ್ಟ್.

```python
med = base.median()
mad = (base - med).abs().median()
z = 0 if mad == 0 else 0.6745 * (now - med) / mad
```

ಕುಂಬಳೆ_ಸಂತೆ: ಕಳ್ಳ ಮೂರನೇ ಸಾಲಿನಲ್ಲಿದ್ದಾನೆ. ನಡುರಾತ್ರಿ ನಿಮ್ಮ ಆ್ಯಪ್ ಬಗ್ಗೆ ಯಾರು ಮಾತಾಡುತ್ತಾರೆ? 8ರಲ್ಲಿ 6 ವಾರ ಸೊನ್ನೆ ಇದ್ದರೂ med ಸೊನ್ನೆ, mad ಕೂಡ ಸೊನ್ನೆ. ಆಗ ನೀವು z ಅನ್ನೇ ಸೊನ್ನೆ ಮಾಡಿದ್ದೀರಿ. 41 ಅಲ್ಲ, 4000 ಬಂದರೂ ಅದು ಕೂಗುವುದಿಲ್ಲ. ಹಗಲು ಯಾವಾಗಲೂ ಅಷ್ಟಿಷ್ಟು ಏರಿಳಿತ ಇರುವುದರಿಂದ ಗೊತ್ತಾಗಲಿಲ್ಲ.

ಚಂದ್ರಗಿರಿ_ಸೇತುವೆ: ಅಯ್ಯೋ. ಸೊನ್ನೆಯಿಂದ ಭಾಗಿಸಿ ಎರರ್ ಬರುತ್ತದೆ ಅಂತ ನಾನೇ ಹಾಕಿದ ಸಾಲು.

ಕುಂಬಳೆ_ಸಂತೆ: ಆ ಸಾಲಿಗಿಂತ ಮೊದಲು `mad = max(mad, 1)` ಹಾಕಿ. ಆಗ 41ಕ್ಕೆ z 27 ದಾಟುತ್ತದೆ. ಆದರೆ ರಾತ್ರಿ 6 ಬೈಗುಳ ಬಂದರೂ 4 ಆಗಿ ಸುಮ್ನೆ ಎಬ್ಬಿಸುತ್ತದೆ. ಅದಕ್ಕೆ ಕನಿಷ್ಠ 8 ಬೇರೆ ಬೇರೆ ಅಕೌಂಟ್ ಇರಬೇಕು ಅಂತಲೂ ಸೇರಿಸಿ. ಒಬ್ಬನೇ ಸಿಟ್ಟಿನಲ್ಲಿ 20 ಸಲ ಬರೆಯುವುದುಂಟು. ಚೆಕ್‌ಲಿಸ್ಟಿನ ಮೊದಲ ಕೆಲಸ ಶೆಡ್ಯೂಲ್ ಪೋಸ್ಟ್ ನಿಲ್ಲಿಸುವುದು. ಅದನ್ನು ಮನುಷ್ಯರಿಗೆ ಬಿಡಬೇಡಿ, ಅಲರ್ಟ್ ಜೊತೆಗೇ ಆಗಲಿ.

ಅಡಿಕೆ_ತೋಟ: ನೋಡಿ, ನನ್ನ 10ರ ಲೆಕ್ಕವೇ ಸಾಕಿತ್ತು.

ಕುಂಬಳೆ_ಸಂತೆ: ಇವರ ಆ್ಯಪ್‌ಗೆ ಸೋಮವಾರ ಬೆಳಿಗ್ಗೆ 10 ಬೈಗುಳ ಮಾಮೂಲಿ ಇರಬಹುದಲ್ವಾ ಅಣ್ಣ?

ಉಪ್ಪಳದವ: ತುಳುವಿನದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಚಂದ್ರಗಿರಿ_ಸೇತುವೆ: ಶನಿವಾರದ ಡೇಟಾವನ್ನು ಮತ್ತೆ ಓಡಿಸಿದೆ. 11.38ಕ್ಕೇ ಅಲರ್ಟ್ ಬಂತು, ಪೋಸ್ಟ್ ನಿಂತಿತು. 10 ನಿಮಿಷ ಯಾರೂ ಅಲರ್ಟ್‌ಗೆ ಉತ್ತರಿಸದಿದ್ದರೆ ಎರಡನೆಯವರಿಗೆ ಕರೆ ಹೋಗಬೇಕು. ಹೋಯಿತು, ಕೆಲಸ ಬಿಟ್ಟು ಎರಡು ತಿಂಗಳಾದವರಿಗೆ. ಈಗ ಡ್ಯೂಟಿ ಪಟ್ಟಿ ಯಾರ ಹತ್ತಿರ ಇದೆ ಅಂತ ಹುಡುಕುತ್ತಿದ್ದೇನೆ.